ಮೂರು ಬ್ಯಾಟರಿ, ಒಂದು ಊರು: ಮಾಂಜ್ರಾ ದಂಡೆಯಲ್ಲಿ ಡ್ರೋನ್ ಚಿತ್ರೀಕರಣ

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ನಾನು ಡ್ರೋನನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಭಾಲ್ಕಿಗೂ ಔರಾದಿಗೂ ನಡುವೆ ಮಾಂಜ್ರಾ ದಂಡೆಗಿರುವ ಊರೊಂದರಲ್ಲಿ ನೋಟ್‌ಬುಕ್ ಹಿಡಿದು ಬದುವಿನ ಮೇಲೆ ನಡೆಯುತ್ತೇನೆ. ಎಡಕ್ಕೆ ಎದೆಮಟ್ಟದ ಬಿಳಿಜೋಳ, ಬಲಕ್ಕೆ ಕಾಯಿ ಬಲಿತ ತೊಗರಿ, ಅದರಾಚೆ ನದಿ. ಮರುದಿನ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದು, ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಅಂಬಲಿ ಉಣ್ಣುತ್ತಾರೆ. ನಮ್ಮ ಭಾಗದ ಹಳ್ಳಿಯನ್ನು ಆಕಾಶದಿಂದ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ವರ್ಷದಲ್ಲಿ ಇನ್ನೊಂದಿಲ್ಲ. ನೆಲ ಹಸಿರಾಗಿರುತ್ತದೆ, ಜನ ಹೊಲದಲ್ಲಿರುತ್ತಾರೆ, ಬೆಳಗಿನ ಗಾಳಿ ಮೆತ್ತಗಿರುತ್ತದೆ. ನನ್ನ ಬಳಿ ಇರುವುದು ಮೂರು ಬ್ಯಾಟರಿ. ಆ ಮೂರರಲ್ಲಿ ಇದೆಲ್ಲ ಹೇಗೆ ಹಿಡಿಸುತ್ತದೆ ಎಂಬ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಬೀದರ್ ನಗರದ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ಮೇಲಿನಿಂದ ತೆಗೆಯಬೇಕೆಂಬ ಆಸೆ ಎಲ್ಲರಿಗೂ ಇದೆ. ಆದರೆ ನಗರಕ್ಕೆ ಅಂಟಿಕೊಂಡೇ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣ ತಂಡದ ಮನೆಯೂ ಅದೇ. 2020ರಿಂದ ನಾಗರಿಕ ವಿಮಾನಗಳೂ ಅಲ್ಲಿಂದ ಓಡಾಡಲು ಶುರುಮಾಡಿದವು. 2021ರ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಮೂರು ವಲಯ ಮಾಡಿವೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿಕೊಳ್ಳಬಹುದು. ಹಸಿರಿನಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿ.ಮೀ. ದೂರದ ಪಟ್ಟಿಯಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಹಾರಿಸುವಂತೆಯೇ ಇಲ್ಲ. ಹಾಗಾಗಿ ಬೀದರ್ ನಗರದ ದೃಶ್ಯಗಳನ್ನು ನಾನು ನೆಲದ ಮೇಲಿನ ಕ್ಯಾಮೆರಾದಿಂದಲೇ ತೆಗೆಯುತ್ತೇನೆ. ಸ್ಮಾರಕಗಳಿಗೆ ಪುರಾತತ್ವ ಇಲಾಖೆಯ ಅನುಮತಿ ಬೇರೆ ಬೇಕು. ಡ್ರೋನ್ ಚೀಲ ನಗರ ಬಿಟ್ಟು ಸುಮಾರು 40 ಕಿ.ಮೀ. ದಾಟಿದ ಮೇಲೆ, ಭಾಲ್ಕಿ ಅಥವಾ ಔರಾದ್ ಕಡೆ, ಅದೂ ನಕ್ಷೆಯ ಬಣ್ಣವನ್ನು ಅದೇ ದಿನ ಇನ್ನೊಮ್ಮೆ ನೋಡಿದ ಮೇಲೆಯೇ ತೆರೆದುಕೊಳ್ಳುತ್ತದೆ.

ಹಸಿರು ವಲಯದಲ್ಲೂ ನಾನು 60 ಮೀಟರ್ ದಾಟುವುದಿಲ್ಲ. ಇದು ನಾನೇ ಹಾಕಿಕೊಂಡ ಮಿತಿ. ತರಬೇತಿ ವಿಮಾನಗಳು ನಮ್ಮ ಹೊಲಗಳ ಮೇಲೆ ಬರುವುದನ್ನು ಈ ಜಿಲ್ಲೆಯವರೆಲ್ಲ ನೋಡಿದ್ದಾರೆ. ಸದ್ದು ಕೇಳಿ ತಲೆ ಎತ್ತುವಷ್ಟರಲ್ಲಿ ಜೆಟ್ ತಲೆಯ ಮೇಲಿರುತ್ತದೆ. ದೂರದ ಗುಡುಗಿನಂಥ ಸದ್ದು ಬಂದ ಕೂಡಲೇ ದೃಶ್ಯ ಅರ್ಧಕ್ಕೇ ಬಿಟ್ಟು ಕೆಳಗಿಳಿಸಬೇಕು. ಕಾಗದಪತ್ರದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಡ್ರೋನ್ ನೋಂದಣಿಯಾಗಿ ಅದಕ್ಕೊಂದು ಗುರುತಿನ ಸಂಖ್ಯೆ ಇರಬೇಕು. 250 ಗ್ರಾಂವರೆಗಿನ ನ್ಯಾನೊ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಮೇಲೆ 2 ಕಿಲೋವರೆಗಿನದನ್ನು ಸ್ವಂತ ಆಸಕ್ತಿಗೆ ಹಾರಿಸಿದರೂ ಬೇಡ, ಆದರೆ ದುಡ್ಡಿಗೆ ಹಾರಿಸಿದರೆ ಬೇಕು. ಊರಿನ ಪಂಚಾಯಿತಿಗೂ ಹತ್ತಿರದ ಪೊಲೀಸ್ ಠಾಣೆಗೂ ಹಿಂದಿನ ದಿನವೇ ಒಂದು ಮಾತು ಹೇಳಿಡುತ್ತೇನೆ.

ಈಗ ಬ್ಯಾಟರಿ. ನನ್ನ ಸಣ್ಣ ಡ್ರೋನಿನ ಡಬ್ಬಿಯ ಮೇಲೆ 31 ನಿಮಿಷ ಎಂದು ಬರೆದಿದೆ. ಗಾಳಿಯೇ ಇಲ್ಲದ ಕಡೆ, ಒಂದೇ ಹದವಾದ ವೇಗದಲ್ಲಿ, ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಹಾರಿಸಿ ಅಳೆದ ಲೆಕ್ಕ ಅದು. ಹೊಲದಲ್ಲಿ ಹಾಗೆ ಯಾರೂ ಹಾರಿಸುವುದಿಲ್ಲ. ಮೇಲೇರುವಾಗ, ಗಾಳಿಗೆದುರು ಹೋಗುವಾಗ, ನಿಲ್ಲಿಸಿ ಮತ್ತೆ ಓಡಿಸುವಾಗ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ನಿಮ್ಮ ಯಂತ್ರದ ನಿಜವಾದ ಖರ್ಚು ತಿಳಿಯಲು ಒಂದು ಬ್ಯಾಟರಿಯನ್ನು ಪರೀಕ್ಷೆಗೆಂದೇ ಹಾರಿಸಿ. ಪೂರ್ತಿ ಚಾರ್ಜ್ ಮಾಡಿ, ಚಿತ್ರೀಕರಣದಲ್ಲಿ ಹಾರಿಸುವ ಹಾಗೆಯೇ ಹಾರಿಸಿ, ಹತ್ತು ನಿಮಿಷದ ನಂತರ ಎಷ್ಟು ಉಳಿದಿದೆ ನೋಡಿ. ನನ್ನದರಲ್ಲಿ ಶೇ 60 ಉಳಿಯಿತು. ಅಂದರೆ ನಿಮಿಷಕ್ಕೆ ಶೇ 4. ಶೇ 30ಕ್ಕೆ ಕಡ್ಡಾಯವಾಗಿ ವಾಪಸು ಹೊರಡಬೇಕೆಂದು ಇಟ್ಟುಕೊಂಡರೆ ಕೆಲಸಕ್ಕೆ ಸಿಗುವುದು ಶೇ 70, ಅಂದರೆ ಹದಿನೇಳು ನಿಮಿಷ ಚಿಲ್ಲರೆ.

ಈ ಹದಿನೇಳು ನಿಮಿಷವನ್ನು ದೃಶ್ಯಗಳಿಗೆ ಹಂಚಿ ನೋಡೋಣ. ಒಂದು ದೃಶ್ಯದ ಜಾಗಕ್ಕೆ ಡ್ರೋನ್ ತಲುಪಿ ಚೌಕಟ್ಟು ಹೊಂದಿಸಲು ಒಂದು ನಿಮಿಷ. ರೆಕಾರ್ಡ್ ಮಾಡದೆ ಒಮ್ಮೆ ಅದೇ ದಾರಿಯಲ್ಲಿ ಹೋಗಿ ಬರಲು ಅರ್ಧ ನಿಮಿಷದ ಮೇಲೆ. ನಿಜವಾದ ಚಿತ್ರೀಕರಣ ನಲವತ್ತು ಸೆಕೆಂಡ್, ಅದನ್ನೇ ಇನ್ನೊಮ್ಮೆ ತೆಗೆಯಲು ಮತ್ತೆ ಅಷ್ಟು. ಒಟ್ಟು ಮೂರು ನಿಮಿಷ. ಅಂದರೆ ಒಂದು ಬ್ಯಾಟರಿಗೆ ಐದು ದೃಶ್ಯ, ಮೂರು ಬ್ಯಾಟರಿಗೆ ಹದಿನೈದು. ಮೂರು ನಿಮಿಷದ ವಿಡಿಯೊಗೆ ಅಷ್ಟು ಧಾರಾಳವಾಗಿ ಸಾಕು. ಹೊಸಬರು ಒಂದು ಬ್ಯಾಟರಿಗೆ ಹನ್ನೆರಡು ದೃಶ್ಯ ಬರೆದುಕೊಂಡು ಬರುತ್ತಾರೆ. ಆಗ ಪ್ರತಿಯೊಂದನ್ನೂ ಅವಸರದಲ್ಲಿ ತೆಗೆಯಬೇಕಾಗುತ್ತದೆ, ಬೆರಳು ಬಿರುಸಾಗುತ್ತದೆ, ಆ ಬಿರುಸೇ ಚಿತ್ರದಲ್ಲಿ ಜರ್ಕ್ ಆಗಿ ಕಾಣುತ್ತದೆ. ಚಿತ್ರದ ನಯಕ್ಕೂ ಬ್ಯಾಟರಿಯ ಲೆಕ್ಕಕ್ಕೂ ಇರುವ ನಂಟು ಇದೇ.

ಗಾಳಿಯ ಪಾಠವನ್ನು ನಾನು ಕಲಿತದ್ದು ನಷ್ಟದ ಅಂಚಿನಲ್ಲಿ. ಒಂದು ಮಧ್ಯಾಹ್ನ ನದಿಯ ಗುಂಟ ದೂರದವರೆಗೆ ಹೋಗುವ ದೃಶ್ಯ ತೆಗೆಯಲು ಗಾಳಿ ಬೀಸುವ ದಿಕ್ಕಿಗೇ ಡ್ರೋನ್ ಬಿಟ್ಟೆ. ನಾನು ನಿಂತ ಕಡೆ ಜೋಳದ ಗರಿ ಅಲುಗುತ್ತಿತ್ತು, ಅಷ್ಟೇ. ಮೇಲೆ ಅರವತ್ತು ಮೀಟರಿನಲ್ಲಿ ಗಾಳಿ ಸೆಕೆಂಡಿಗೆ ಆರು ಮೀಟರಿನಷ್ಟಿತ್ತು. ಎಂಟುನೂರು ಮೀಟರ್ ದೂರವನ್ನು ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಎಂಬತ್ತು ಸೆಕೆಂಡಿನಲ್ಲಿ ಮುಟ್ಟಿತು. ವಾಪಸು ತಿರುಗಿಸಿದಾಗ ಹತ್ತು ಮೀಟರ್ ಓಡುವ ಯಂತ್ರಕ್ಕೆ ಎದುರಿನಿಂದ ಆರು ಮೀಟರ್ ಗಾಳಿ, ಉಳಿದದ್ದು ಬರೀ ನಾಲ್ಕು. ಅದೇ ಎಂಟುನೂರು ಮೀಟರಿಗೆ ಇನ್ನೂರು ಸೆಕೆಂಡ್ ಬೇಕು, ಅದೂ ಮೋಟಾರುಗಳು ಪೂರ್ತಿ ಬಲ ಹಾಕಿದರೆ. ಶೇ 35ಕ್ಕೆ ಹೊರಟದ್ದು ಶೇ 9ಕ್ಕೆ ಬಂದಾಗಲೂ ನನ್ನಿಂದ ನೂರೈವತ್ತು ಮೀಟರ್ ಆಚೆಯೇ ಇತ್ತು. ತೊಗರಿ ಹೊಲದಲ್ಲಿ ಇಳಿಸಿದೆ. ಆಳೆತ್ತರದ ತೊಗರಿಯಲ್ಲಿ ಅಂಗೈಯಗಲದ ಬೂದುಬಣ್ಣದ ಯಂತ್ರ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಹೊಲದವರೇ ಬಂದು ಸಾಲು ಹಿಡಿದು ಹುಡುಕಿ ಕೊಟ್ಟರು.

ಅಂದಿನಿಂದ ಮೊದಲು ಗಾಳಿಗೆದುರು ಹೋಗಿ, ಬರುವಾಗ ಗಾಳಿಯ ಜೊತೆ ಬರುತ್ತೇನೆ. ಇದನ್ನು ತಪ್ಪಿಸಿದ್ದಿಲ್ಲ. ಮೇಲಿನ ಗಾಳಿ ತಿಳಿಯುವ ಸುಲಭ ಉಪಾಯವೂ ಇದೆ. ದೃಶ್ಯದ ಎತ್ತರಕ್ಕೇರಿಸಿ, ಕೋಲುಗಳಿಂದ ಬೆರಳು ತೆಗೆದು, ಹತ್ತು ಸೆಕೆಂಡ್ ನಿಂತಲ್ಲೇ ನಿಲ್ಲಿಸಿ ಅದರ ಮೈ ನೋಡಿ. ಗಾಳಿ ಇದ್ದರೆ ಡ್ರೋನ್ ಆ ಕಡೆಗೆ ವಾಲಿಕೊಂಡು ನಿಲ್ಲುತ್ತದೆ. ವಾಲಿದ್ದು ನೆಲದಿಂದಲೇ ಕಣ್ಣಿಗೆ ಕಾಣುವಷ್ಟಿದ್ದರೆ ದೂರದ ದೃಶ್ಯ ಬಿಟ್ಟುಬಿಡಿ. ಹೋದ ಮೇಲೆ ಸಿಕ್ಕಿಕೊಂಡಿರಾದರೆ, ತಂತಿ ಮರ ಇಲ್ಲವೆಂದು ಗೊತ್ತಿರುವ ದಾರಿಯಲ್ಲಿ ಮೂವತ್ತು ಮೀಟರಿಗೆ ಇಳಿಸಿ ತನ್ನಿ. ಕೆಳಗೆ ಗಾಳಿ ಕಡಿಮೆ. ಆ ಹೊತ್ತಿಗೆ Cine ಮೋಡಿನಲ್ಲಿದ್ದರೆ ಬೇಗ ಹೊರಗೆ ಬನ್ನಿ, ಇಲ್ಲವಾದರೆ ಯಂತ್ರ ನಿಂತಲ್ಲೇ ಒದ್ದಾಡುತ್ತದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿಯೂ ಲೆಕ್ಕಕ್ಕೆ ಬರುತ್ತದೆ. ಬೀದರ್ ಜಿಲ್ಲೆಯ ಡಿಸೆಂಬರ್ ಬೆಳಗು ರಾಜ್ಯದಲ್ಲೇ ಹೆಚ್ಚು ತಣ್ಣಗಿರುವ ಬೆಳಗುಗಳಲ್ಲಿ ಒಂದು. ತಣ್ಣಗಾದ ಲಿಥಿಯಂ ಬ್ಯಾಟರಿ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡಲಾರದು. ಪರದೆಯ ಮೇಲೆ ಶೇ 80 ತೋರುತ್ತಿದ್ದರೂ ಜೋರಾಗಿ ಮೇಲೇರಿಸಿದರೆ ವೋಲ್ಟೇಜ್ ಕುಸಿದು ಎಚ್ಚರಿಕೆ ಬರುತ್ತದೆ. ರಾತ್ರಿ ಬ್ಯಾಟರಿಗಳನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತೇನೆ, ಬೆಳಿಗ್ಗೆ ಸ್ವೆಟರಿನ ಒಳಜೇಬಿನಲ್ಲಿ. ಹಾರಿಸಿದ ಮೇಲೆ ಎರಡು ಮೀಟರ್ ಎತ್ತರದಲ್ಲಿ ಒಂದು ನಿಮಿಷ ನಿಲ್ಲಿಸಿ, ಬ್ಯಾಟರಿ ತನ್ನ ಕೆಲಸದಿಂದಲೇ ಬೆಚ್ಚಗಾದ ಮೇಲೆ ಮುಂದೆ ಹೋಗುತ್ತೇನೆ. ನದಿಯ ಮೇಲೆ ಮಂಜು ಕವಿದಿದ್ದರೆ ಅದರ ಅಂಚಿನಿಂದಲೇ ತೆಗೆಯಬೇಕು. ಮಂಜಿನೊಳಗೆ ಹೊಕ್ಕರೆ ರೆಕ್ಕೆಗೂ ಲೆನ್ಸಿಗೂ ನೀರು ಕೂರುತ್ತದೆ, ಯಂತ್ರವೂ ಕಣ್ಣಿಗೆ ಕಾಣದಾಗುತ್ತದೆ.

ಹಿಂದಿನ ಸಂಜೆ ನಡೆದಾಡುವುದು ಮುಖ್ಯವಾಗಿ ತಂತಿಗಾಗಿ. ಹಳ್ಳಿಯಲ್ಲಿ ಡ್ರೋನಿಗೆ ದೊಡ್ಡ ಅಪಾಯ ಪಂಪ್‌ಸೆಟ್ಟಿಗೆ ಎಳೆದ ಕರೆಂಟ್ ತಂತಿ. ಕ್ಯಾಮೆರಾದ ಪರದೆಯಲ್ಲಿ ಅದು ಕಾಣುವುದೇ ಇಲ್ಲ, ಅಡೆತಡೆ ಗುರುತಿಸುವ ಸೆನ್ಸರ್ ಇದ್ದರೂ ಅಷ್ಟು ತೆಳ್ಳಗಿನದು ಅದರ ಕಣ್ಣಿಗೆ ಬೀಳುವುದು ಅನುಮಾನ. ಅದಕ್ಕೇ ತಂತಿ ಹುಡುಕಬೇಡಿ, ಕಂಬ ಹುಡುಕಿ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಕಣ್ಣಿನಲ್ಲೇ ಗೆರೆ ಎಳೆದು ನಕ್ಷೆಯ ಮೇಲೆ ಬರೆದುಕೊಳ್ಳಿ. ಟಿ.ಸಿ. ಎಲ್ಲಿದೆ, ಅಲ್ಲಿಂದ ಎಷ್ಟು ಕಡೆಗೆ ಲೈನ್ ಕವಲೊಡೆದಿದೆ ನೋಡಿ. ಆಮೇಲೂ ಹೊಲದವರನ್ನು ಕೇಳಲೇಬೇಕು. ಹೋದ ಸಲ ನಾನು ಎಲ್ಲ ಬರೆದುಕೊಂಡೆ ಅಂದುಕೊಂಡಾಗ, ಬದುವಿನ ಮೇಲೆ ಕೂತಿದ್ದ ಕಾಕಾ ಒಬ್ಬರು ಬೆರಳು ತೋರಿಸಿದರು: "ಆ ಬೇವಿನ ಗಿಡದ ಹಿಂದ ಇನ್ನೊಂದು ಲೈನ್ ಅದ ನೋಡ್ರಿ ಸರ. ಹೊಸಾ ಬೋರಿಗಿ ಎಳದಾರ. ಗಿಡದಾಗ ಮುಚ್ಚಕೊಂಡದ, ಕಾಣಂಗಿಲ್ಲ." ನಾನು ಮರುದಿನ ಆ ಬೇವಿನ ಪಕ್ಕದಿಂದಲೇ ಮೇಲೇಳುವ ದೃಶ್ಯ ಬರೆದಿಟ್ಟಿದ್ದೆ. ದೃಶ್ಯವನ್ನು ಹುಣಸೆ ಮರಕ್ಕೆ ಬದಲಿಸಿದೆ. ಹೊಲದ ಕಂಬಗಳ ಎತ್ತರ ಎಂಟೊಂಬತ್ತು ಮೀಟರ್. ಹಾಗಾಗಿ ಪರೀಕ್ಷಿಸಿದ ಜಾಗ ಬಿಟ್ಟು ಉಳಿದೆಡೆ ಇಪ್ಪತ್ತೈದು ಮೀಟರಿಗಿಂತ ಕೆಳಗೆ ನಾನು ಅಡ್ಡ ಹಾಯುವುದಿಲ್ಲ. ಹೈಟೆನ್ಷನ್ ಟವರ್ ಇದ್ದರೆ ಅದರ ಸುತ್ತಿನ ಜಾಗವನ್ನೇ ಬಿಟ್ಟುಬಿಡುತ್ತೇನೆ.

ತಾನಾಗಿ ಮರಳುವ RTH ಎತ್ತರವನ್ನೂ ಆ ಊರಿಗೆ ತಕ್ಕಂತೆ ಹಾಕಬೇಕು. ಅಲ್ಲಿಯ ಅತಿ ಎತ್ತರದ ವಸ್ತು ಯಾವುದು? ಮೊಬೈಲ್ ಟವರ್ ನಲವತ್ತು ಮೀಟರ್ ಇದ್ದರೆ RTH ಐವತ್ತೈದಕ್ಕಿರಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಪರದೆಯ ಮೇಲೆ ತೋರುವ H ಎಂಬ ಅಂಕಿ ಡ್ರೋನಿನ ಕೆಳಗಿರುವ ನೆಲದಿಂದ ಅಳೆದದ್ದಲ್ಲ, ನೀವು ಹಾರಿಸಿದ ಜಾಗದಿಂದ ಅಳೆದದ್ದು. ನದಿಯ ಪಾತ್ರದಲ್ಲಿ ನಿಂತು ಹಾರಿಸಿ ದಿಬ್ಬದ ಮೇಲಿನ ಊರಿನ ಕಡೆ ಹೋದರೆ, ಪರದೆಯಲ್ಲಿ 30 ಇದ್ದರೂ ಊರಿನ ಮಾಳಿಗೆಯಿಂದ ಹತ್ತೇ ಮೀಟರ್ ಇರಬಹುದು. ಬೀದರಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿ ಕರಿನೆಲಕ್ಕೆ ಇಳಿಯುವ ಅಂಚುಗಳಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಸಾಧ್ಯವಾದಾಗ ಎತ್ತರದ ಕಡೆ ನಿಂತೇ ಹಾರಿಸಿ. ನಿಂತ ಜಾಗದಲ್ಲಿ ಟ್ರ್ಯಾಕ್ಟರ್, ಕಬ್ಬಿಣದ ಸರಳಿನ ಸ್ಲ್ಯಾಬ್ ಇರಬಾರದು, ದಿಕ್ಸೂಚಿ ಕೆಡುತ್ತದೆ. ಕರಿಮಣ್ಣಿನ ಧೂಳು ಮೋಟಾರಿಗೆ ಹೋಗದಂತೆ ಒಂದು ಹಲಗೆ ಹಾಸಿಕೊಳ್ಳಿ. ಗೋಣಿಚೀಲ ಬೇಡ, ಅದರ ನಾರು ರೆಕ್ಕೆಗೆ ಸುತ್ತಿಕೊಳ್ಳುತ್ತದೆ.

ಹದ್ದು ಬಂದರೆ ಸಾಮಾನ್ಯವಾಗಿ ಮೇಲಿನಿಂದ ಎರಗುತ್ತದೆ. ಕೆಳಗೆ ಓಡಿಸದೆ ನೇರ ಮೇಲೇರಿಸಿ, ಅದರ ಜಾಗ ಬಿಟ್ಟುಕೊಟ್ಟು ಬನ್ನಿ. ಔರಾದ್ ಕಡೆ ಕೃಷ್ಣಮೃಗದ ಹಿಂಡು ಕಂಡರೆ ಡ್ರೋನ್ ಅವುಗಳ ಹತ್ತಿರಕ್ಕೂ ಒಯ್ಯಬೇಡಿ. ಬೆದರಿ ಓಡಿದ ಹಿಂಡು ಬೇಲಿಗೆ ಬೀಳುತ್ತದೆ, ರಸ್ತೆಗೆ ಬೀಳುತ್ತದೆ. ಬಂಡಿಗೆ ಕಟ್ಟಿದ ಎತ್ತಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಹಿಂದೆ ಬಂಡಿಯಲ್ಲಿ ಮಕ್ಕಳು ಕೂತಿರುತ್ತಾರೆ. ನಲವತ್ತು ಮೀಟರ್ ದೂರದಲ್ಲಿ ನಿಲ್ಲಿಸಿ ಎತ್ತಿನ ಕಿವಿ ನೋಡುತ್ತೇನೆ. ಕಿವಿ ನಿಮಿರಿ ತಲೆ ಮೇಲಾದರೆ ಅಲ್ಲಿಂದಲೇ ಹಿಂದಕ್ಕೆ. ಕಿವಿ ಎಂದಿನಂತೆ ಆಡುತ್ತಿದ್ದರೆ ಮಾತ್ರ ಬದಿಯಿಂದ, ಇಪ್ಪತ್ತು ಮೀಟರ್ ಅಂತರ ಬಿಟ್ಟು ಜೊತೆಗೆ ಸಾಗಿಸುತ್ತೇನೆ. ಜನರ ತಲೆಯ ಮೇಲಂತೂ ಯಾವತ್ತೂ ಇಲ್ಲ. ಅಂಗಳದಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಿರುವ ಮನೆಗಳ ಮೇಲೆ ಕ್ಯಾಮೆರಾ ಬಗ್ಗಿಸುವುದೂ ಇಲ್ಲ.

ಇನ್ನು ಚಲನೆ. ನಯವಾದ ಚಲನೆ ಹಾರಾಟದ ಶುರು ಮತ್ತು ಕೊನೆಯಲ್ಲಿ ಕೆಡುತ್ತದೆ, ನಡುವೆ ಕೆಡುವುದು ಕಡಿಮೆ. ಕೋಲನ್ನು ಹೆಬ್ಬೆರಳೊಂದರಿಂದ ತಳ್ಳದೆ ಹೆಬ್ಬೆರಳು ತೋರುಬೆರಳಿನ ನಡುವೆ ಚಿಮಟಿಯ ಹಾಗೆ ಹಿಡಿದು, ಮೂರು ಸೆಕೆಂಡಿನಲ್ಲಿ ಬೇಕಾದ ಮಟ್ಟಕ್ಕೆ ಒಯ್ಯಿರಿ. ಚಲನೆ ಶುರುವಾಗಿ ಐದು ಸೆಕೆಂಡ್ ಹಾಗೇ ಸಾಗಲಿ, ನಿಮಗೆ ಬೇಕಾದ ಭಾಗ ಅದರ ನಂತರ ಬರುವಂತೆ ದೂರ ಇಟ್ಟುಕೊಳ್ಳಿ, ಕೊನೆಯಲ್ಲೂ ಐದು ಸೆಕೆಂಡ್ ಹೆಚ್ಚಿಗೆ ಸಾಗಿಸಿ. ನಿಲ್ಲುವ ಜರ್ಕ್ ಎಡಿಟಿಂಗಿನಲ್ಲಿ ಕತ್ತರಿಸಿ ಹೋಗುತ್ತದೆ.

ತಿರುಗುವ ಕೋಲೇ ಹೆಚ್ಚು ಮೋಸ ಮಾಡುವುದು. ಮುಂದೆ ಹೋಗುವಾಗ ಸಣ್ಣ ತಪ್ಪಾದರೆ ಕಣ್ಣು ಕ್ಷಮಿಸುತ್ತದೆ, ದಿಗಂತ ಅಡ್ಡಡ್ಡ ತಟಕ್ಕನೆ ಹೊರಳಿದರೆ ಕ್ಷಮಿಸುವುದಿಲ್ಲ. ಹುಣಸೆ ಮರದ ಸುತ್ತ ಹಾಕುವ ಪ್ರದಕ್ಷಿಣೆಯನ್ನೇ ಲೆಕ್ಕ ಹಾಕೋಣ. ಮರದಿಂದ ಮೂವತ್ತು ಮೀಟರ್ ದೂರ, ಇಪ್ಪತ್ತೈದು ಮೀಟರ್ ಎತ್ತರ, ವೇಗ ಸೆಕೆಂಡಿಗೆ ಮೂರು ಮೀಟರ್. ಪೂರ್ತಿ ಸುತ್ತು ಸುಮಾರು 188 ಮೀಟರ್, ಅಂದರೆ 63 ಸೆಕೆಂಡ್. ಡ್ರೋನ್ ಸೆಕೆಂಡಿಗೆ ಆರು ಡಿಗ್ರಿಯಷ್ಟು ತಿರುಗುತ್ತದೆ, ಇದು ಕಣ್ಣಿಗೆ ಹಿತವಾದ ವೇಗ. ಅದೇ ವೇಗದಲ್ಲಿ ಮರಕ್ಕೆ ಹದಿನೈದು ಮೀಟರ್ ಹತ್ತಿರ ಹೋದರೆ ತಿರುಗುವುದು ಎರಡು ಪಟ್ಟಾಗಿ ನೋಡುವವರಿಗೆ ತಲೆ ಸುತ್ತುತ್ತದೆ. ಪೂರ್ತಿ ಸುತ್ತು ಬೇಕಾಗುವುದೇ ಇಲ್ಲ, ಕಾಲು ಸುತ್ತು ಸಾಕು, ಹದಿನಾರು ಸೆಕೆಂಡ್. ಸೂರ್ಯ ಬದಿಯಲ್ಲಿರುವ ಕಡೆಯಿಂದ ಶುರುಮಾಡಿ ಬೆನ್ನಿಗೆ ಬರುವಂತೆ ಮುಗಿಸುತ್ತೇನೆ. ಬೆಳಕಿನ ಅಳತೆಯನ್ನೂ ಬಣ್ಣದ ಹೊಂದಾಣಿಕೆಯನ್ನೂ ಮೊದಲೇ ಲಾಕ್ ಮಾಡಿರುತ್ತೇನೆ. ಆಟೊದಲ್ಲಿ ಬಿಟ್ಟರೆ ಕರಿಮಣ್ಣಿನಿಂದ ಹಸಿರು ಜೋಳಕ್ಕೆ ಚೌಕಟ್ಟು ಜಾರುವಾಗ ಚಿತ್ರ ಮಿಣಕ್ಕನೆ ಬೆಳಗಿ ಮಂಕಾಗುತ್ತದೆ, ಅದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ.

ಎತ್ತರ ಹೆಚ್ಚಿದಷ್ಟೂ ಚಲನೆ ಸತ್ತಂತೆ ಕಾಣುತ್ತದೆ. ಅರವತ್ತು ಮೀಟರಿನಲ್ಲಿ ಸೆಕೆಂಡಿಗೆ ಮೂರು ಮೀಟರ್ ಹೋದರೆ ಫೋಟೊ ನೋಡಿದಂತಿರುತ್ತದೆ, ಏಳೆಂಟು ಮೀಟರ್ ಬೇಕು. ತಂತಿಯಿಲ್ಲವೆಂದು ನಡೆದು ನೋಡಿದ ಜೋಳದ ಹೊಲದ ಮೇಲೆ ನಾಲ್ಕು ಮೀಟರ್ ಎತ್ತರದಲ್ಲಿ ಅದೇ ಮೂರು ಮೀಟರ್ ವೇಗ ಹಾರಿದ ಅನುಭವ ಕೊಡುತ್ತದೆ, ತೆನೆಗಳು ಚೌಕಟ್ಟಿನ ಅಡಿಯಿಂದ ಓಡಿ ಬರುತ್ತವೆ. ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಶಟರ್ 1/50 ಇರಬೇಕು. ಬಿಸಿಲೇರಿದ ಮೇಲೆ ಅದಕ್ಕೆ ND ಫಿಲ್ಟರ್ ಬೇಕಾಗುತ್ತದೆ. ಫಿಲ್ಟರ್ ಇಲ್ಲದೆ ಶಟರ್ ಚುರುಕಾದರೆ ಆ ತೆನೆಗಳೆಲ್ಲ ಚೂಪಾಗಿ ಪಟಪಟನೆ ಕುಣಿದಂತೆ ಕಾಣುತ್ತವೆ.

ಈ ಎಲ್ಲ ಲೆಕ್ಕದಿಂದ ಆ ದಿನದ ಪಟ್ಟಿ ತಾನಾಗಿ ಮೂರು ಭಾಗವಾಯಿತು. ಮೊದಲ ಬ್ಯಾಟರಿ ಆರೂ ಮುಕ್ಕಾಲಿಗೆ, ಸೂರ್ಯ ಮೂಡುವ ಹೊತ್ತಿಗೆ. ಗಾಳಿ ಇಲ್ಲದಿರುವುದು ಆಗಲೇ, ಹಾಗಾಗಿ ದೂರದ, ಎತ್ತರದ ದೃಶ್ಯಗಳೆಲ್ಲ ಅದಕ್ಕೆ: ನದಿಯ ತಿರುವು, ಮಂಜಿನಂಚು, ಊರಿನ ಪೂರ್ತಿ ನೋಟ. ಎರಡನೆಯದು ಏಳೂವರೆಗೆ, ಬಿಸಿಲು ಓರೆಯಾಗಿ ಮಾಳಿಗೆ ಮೇಲೆ ಬಿದ್ದಾಗ: ಹುಣಸೆ ಮರದ ಹಿಂದಿನಿಂದ ಮೇಲೆದ್ದು ಊರು ತೋರಿಸುವುದು, ಮರದ ಕಾಲು ಸುತ್ತು, ಊರಂಚಿನ ಗುಡಿ. ಮೂರನೆಯದನ್ನು ಹತ್ತೂವರೆಯವರೆಗೆ ಮುಟ್ಟಲಿಲ್ಲ. ಬಂಡಿಗಳು ಹೊಲಕ್ಕೆ ಹೊರಡುವುದು ಆಗ. ಆ ಹೊತ್ತಿಗೆ ಗಾಳಿ ಎದ್ದಿರುತ್ತದೆ, ಅದಕ್ಕೇ ಆ ಬ್ಯಾಟರಿಯ ದೃಶ್ಯಗಳೆಲ್ಲ ನೂರು ಮೀಟರಿನೊಳಗೆ, ತಗ್ಗಿನಲ್ಲಿ: ಬಂಡಿ, ಜೋಳದ ಮೇಲಿನ ಹಾರಾಟ, ದೂರದಿಂದ ಕೊಂಪೆ.

ಸಂಜೆ ದೊಡ್ಡ ಪರದೆಯಲ್ಲಿ ನೋಡಿದಾಗ ಹದಿನೈದರಲ್ಲಿ ಹತ್ತು ನಿಂತವು. ಎರಡು ತಿರುಗುವ ಕೋಲಿನಿಂದ ಕೆಟ್ಟಿದ್ದವು, ದಿಗಂತದ ಅಂಚನ್ನೇ ದಿಟ್ಟಿಸಿದರೆ ಅದು ತಟಕ್ಕನೆ ಸರಿಯುವುದು ಗೊತ್ತಾಗುತ್ತದೆ. ಒಂದರಲ್ಲಿ ಡ್ರೋನಿನ ನೆರಳು ಜೋಳದ ಮೇಲೆ ಓಡುತ್ತಿತ್ತು. ಉಳಿದೆರಡು ಬಂಡಿಯವು. ಎತ್ತಿನ ಕಿವಿ ನಿಮಿರಿದ್ದರಿಂದ ಅವನ್ನು ಅರ್ಧಕ್ಕೇ ಬಿಟ್ಟಿದ್ದೆ. ಬ್ಯಾಟರಿಗಳನ್ನು ಬಿಸಿಯಿರುವಾಗಲೇ ಚಾರ್ಜಿಗೆ ಹಾಕದೆ, ಆರಿದ ಮೇಲೆ ಅರ್ಧದಷ್ಟು ತುಂಬಿಸಿ ಎತ್ತಿಟ್ಟೆ. ಒಂದರ ಬದಿ ಸ್ವಲ್ಪ ಉಬ್ಬಿದಂತೆ ಕೈಗೆ ತಾಗಿತು. ಸಮತಟ್ಟಾದ ಮೇಜಿನ ಮೇಲಿಟ್ಟು ಒತ್ತಿದಾಗ ಅಲುಗಾಡಿತು. ಅದಕ್ಕೆ ಕೆಂಪು ಟೇಪು ಸುತ್ತಿ ಹಾರಾಟದಿಂದ ತೆಗೆದೆ. ಮುಂದಿನ ಸಲದ ಪಟ್ಟಿ ಹತ್ತು ದೃಶ್ಯದ್ದು.